ಅಪಾರ್ಟ್‌ಮೆಂಟ್‌ನ ಕಾಮನ್ ಕರೆಂಟ್ ಬಿಲ್: ಲಿಫ್ಟ್ ನಿಲ್ಲಿಸೋಕೆ ಮುಂಚೆ ಮೀಟರ್ ನೋಡಿ

(ಈ ಸಂಚಿಕೆಯ ಬರಹ ರೂಪ)

ಇವತ್ತಿನ ವಿಷಯ ಶುರುವಾಗೋದು ಒಂದು ವಾಟ್ಸಾಪ್ ಗ್ರೂಪ್‌ನಿಂದ. ಮೈಸೂರಿನ ವಿಜಯನಗರ, ಬೋಗಾದಿ, ಕುವೆಂಪುನಗರ, ಎಲ್ಲಿ ಬೇಕಾದ್ರೂ ಅಂದ್ಕೊಳ್ಳಿ. ಕೆಳಗೆ ಪಾರ್ಕಿಂಗ್, ಮೇಲೆ ನಾಲ್ಕು ಮಹಡಿ, ಒಟ್ಟು 16 ಮನೆ. ತಿಂಗಳ ಕಾಮನ್ ಕರೆಂಟ್ ಬಿಲ್ ಗ್ರೂಪ್‌ಗೆ ಬೀಳುತ್ತೆ. ಐದೇ ನಿಮಿಷದಲ್ಲಿ ಒಬ್ಬರು ಬರೀತಾರೆ: "ರಾತ್ರಿ 11ರಿಂದ ಬೆಳಗ್ಗೆ 6ರವರೆಗೆ ಲಿಫ್ಟ್ ಆಫ್ ಮಾಡೋಣ." ಅದಕ್ಕೆ ಏಳೆಂಟು ಥಂಬ್ಸ್ ಅಪ್. ನಾಲ್ಕನೇ ಮಹಡಿಯ ಮಂಡಿನೋವಿನ ಅಜ್ಜಿ ಆ ಗ್ರೂಪ್‌ನಲ್ಲಿ ಇರೋದೇ ಇಲ್ಲ.

ಗೃಹಜ್ಯೋತಿ ಬಂದ ಮೇಲೆ ತುಂಬಾ ಜನಕ್ಕೆ ಮನೆಯ ಬಿಲ್ ಸೊನ್ನೆ ಬರ್ತಿದೆ. ಆದರೆ ಲಿಫ್ಟು, ಕಾರಿಡಾರ್ ಲೈಟು, ಮೋಟಾರು ಸೇರಿ ಓಡೋ ಕಾಮನ್ ಮೀಟರ್ ಯಾರ ಮನೆಯದ್ದೂ ಅಲ್ಲ. ಅದರ ದುಡ್ಡನ್ನು ಎಲ್ಲರೂ ಹಂಚಿಕೊಳ್ಳಬೇಕು. ಹಾಗಾಗಿ ಕಣ್ಣಿಗೆ ಕುಕ್ಕೋದು ಅದೇ. ಪ್ರಶ್ನೆ ಇಷ್ಟೇ: ಯೂನಿಟ್‌ಗಳು ನಿಜವಾಗಿ ಹೋಗ್ತಿರೋದು ಎಲ್ಲಿಗೆ?

ಮೀಟರ್ ಕಣ್ಣು ಮಿಟುಕಿಸುತ್ತೆ, ಎಣಿಸಿ

ಇದಕ್ಕೆ ಎಲೆಕ್ಟ್ರಿಷಿಯನ್ ಬೇಡ, ಫೋನ್ ಸಾಕು. ಕಾಮನ್ ಮೀಟರ್ ಮುಂದೆ ನಿಂತರೆ ಒಂದು ಸಣ್ಣ ಕೆಂಪು ಲೈಟ್ ಮಿನುಗ್ತಾ ಇರುತ್ತೆ. ಪಕ್ಕದಲ್ಲಿ 1600 imp/kWh ಅಂತ ಬರೆದಿರಬಹುದು. ನಿಮ್ಮ ಮೀಟರ್‌ನಲ್ಲಿ ಸಂಖ್ಯೆ ಬೇರೆ ಇರಬಹುದು. ಆ ಲೈಟ್ 1600 ಸಲ ಮಿನುಗಿದರೆ ಒಂದು ಯೂನಿಟ್ ಖರ್ಚಾಯ್ತು ಅಂತ ಅರ್ಥ. ಕೆಲವು ಮೀಟರ್‌ಗಳಲ್ಲಿ ಎರಡು ಲೈಟ್ ಇರುತ್ತವೆ. kWh ಅಂತ ಬರೆದಿರೋದನ್ನೇ ನೋಡಿ.

ರಾತ್ರಿ ಹನ್ನೊಂದರ ಮೇಲೆ, ಮೋಟಾರ್ ಓಡದೇ ಇರುವಾಗ, ಲಿಫ್ಟ್ ಸುಮ್ಮನೆ ನಿಂತಿರುವಾಗ, ಫೋನ್‌ನಲ್ಲಿ ಒಂದು ನಿಮಿಷ ವಿಡಿಯೋ ಮಾಡಿ. ಆಮೇಲೆ ನಿಧಾನಕ್ಕೆ ಓಡಿಸಿ ಎಣಿಸಿ. ಲೆಕ್ಕ ಹೀಗೆ:

```
kW = (1 ನಿಮಿಷದ ಮಿನುಗು × 60) ÷ imp/kWh
```

ನಮ್ಮ ಉದಾಹರಣೆಯ ಕಟ್ಟಡದಲ್ಲಿ 32 ಸಲ ಮಿನುಗಿತು ಅಂತಿಟ್ಟುಕೊಳ್ಳಿ. 32 ಅನ್ನು 60ರಿಂದ ಗುಣಿಸಿ 1600ರಿಂದ ಭಾಗಿಸಿದರೆ 1.2 ಕಿಲೋವ್ಯಾಟ್. ಅಂದರೆ ಎಲ್ಲರೂ ಮಲಗಿದ್ದಾಗಲೂ ಗಂಟೆಗೆ 1.2 ಯೂನಿಟ್ ಹೋಗ್ತಿದೆ. ಈಗ ಕಾರಿಡಾರ್, ಮೆಟ್ಟಿಲು, ಪಾರ್ಕಿಂಗ್ ಲೈಟ್‌ಗಳನ್ನು ಎರಡು ನಿಮಿಷ ಆಫ್ ಮಾಡಿ ಮತ್ತೆ ಎಣಿಸಿ. 32 ಇದ್ದದ್ದು ಐದಾರಕ್ಕೆ ಇಳಿಯುತ್ತೆ. ಕೊನೆಗೆ ಲಿಫ್ಟ್ ಒಳಗಿನ ಫ್ಯಾನ್ ಮತ್ತು ಲೈಟ್ ಮಾತ್ರ ಆಫ್ ಮಾಡಿ. ಐದಾರು ಇದ್ದದ್ದು ಮೂರಾಗುತ್ತೆ. ಉಳಿದ ಮೂರು ಲಿಫ್ಟ್‌ನ ಕಂಟ್ರೋಲ್ ಬೋರ್ಡ್ ಮತ್ತು ಸಿಸಿಟಿವಿಯದ್ದು.

ಅಲ್ಲಿಗೆ ಅರ್ಧ ಜಗಳ ಮುಗೀತು. ರಾತ್ರಿಯ 32ರಲ್ಲಿ 26 ಪಾಲು ಹಳೇ ಟ್ಯೂಬ್‌ಲೈಟ್‌ಗಳದ್ದು.

ಲಿಫ್ಟ್: ಓಡೋದಕ್ಕಿಂತ ನಿಂತಿರೋದೇ ದುಬಾರಿ

ಆರು ಜನರ ಸಾಮಾನ್ಯ ಲಿಫ್ಟ್ ತಗೊಳ್ಳಿ. ದಿನಕ್ಕೆ 150 ಸಲ ಓಡುತ್ತೆ, ಪ್ರತಿ ಸಲ ಸರಾಸರಿ 15 ಸೆಕೆಂಡ್ ಮೋಟಾರ್ ತಿರುಗುತ್ತೆ ಅಂದುಕೊಳ್ಳೋಣ. ಎಲ್ಲಾ ಸೇರಿಸಿದರೂ ದಿನಕ್ಕೆ ಮುಕ್ಕಾಲು ಗಂಟೆಯೂ ಆಗಲ್ಲ. ಸುಮಾರು 3 ಕಿಲೋವ್ಯಾಟ್ ಅಂತ ಹಿಡಿದರೆ ದಿನಕ್ಕೆ ಹತ್ತಿರಹತ್ತಿರ 2 ಯೂನಿಟ್. ಆದರೆ ಒಳಗಿನ ಟ್ಯೂಬ್‌ಲೈಟ್ ಮತ್ತು ಫ್ಯಾನ್ ಸೇರಿ 100 ವ್ಯಾಟ್, 24 ಗಂಟೆಯೂ ಓಡಿದರೆ 2.4 ಯೂನಿಟ್. ಕಂಟ್ರೋಲ್ ಬೋರ್ಡ್ 60 ವ್ಯಾಟ್ ಅಂದರೆ ಇನ್ನೂ 1.4. ಜನರನ್ನು ಹೊತ್ತು ಓಡಾಡೋದಕ್ಕಿಂತ ಖಾಲಿ ಪೆಟ್ಟಿಗೆಗೆ ಗಾಳಿ ಬೀಸೋದಕ್ಕೇ ಜಾಸ್ತಿ ಖರ್ಚು!

ಈಗ ಆ ರಾತ್ರಿ ಬಂದ್ ಪ್ರಸ್ತಾಪಕ್ಕೆ ಬನ್ನಿ. 7 ಗಂಟೆ ಪೂರ್ತಿ ಆಫ್ ಮಾಡಿದರೆ ಉಳಿಯೋದು ದಿನಕ್ಕೆ 1.1 ಯೂನಿಟ್, ತಿಂಗಳಿಗೆ 33. ಯೂನಿಟ್‌ಗೆ 6 ರೂಪಾಯಿ ಅಂತ ಲೆಕ್ಕದ ಸುಲಭಕ್ಕೆ ಹಿಡಿಯೋಣ, ನಿಮ್ಮ ದರ ಸೆಸ್ಕ್ ಬಿಲ್‌ನಲ್ಲೇ ಇರುತ್ತೆ. ಹಾಗಿದ್ದರೆ ಮನೆಗೆ ತಿಂಗಳಿಗೆ 12 ರೂಪಾಯಿ ಚಿಲ್ಲರೆ. ಅಷ್ಟಕ್ಕೋಸ್ಕರ ರಾತ್ರಿ ಎರಡು ಗಂಟೆಗೆ ಎದೆನೋವು ಬಂದವರನ್ನು ನಾಲ್ಕು ಮಹಡಿ ಎತ್ಕೊಂಡು ಇಳಿಸಬೇಕಾ?

ಬದಲಿಗೆ, ಸರ್ವಿಸ್‌ಗೆ ಬರೋ ಲಿಫ್ಟ್ ಮೆಕ್ಯಾನಿಕ್‌ಗೆ ಒಂದು ಮಾತು ಕೇಳಿ: "ಲಿಫ್ಟ್ ನಿಂತು ಒಂದೆರಡು ನಿಮಿಷ ಆದ ಮೇಲೆ ಫ್ಯಾನು, ಲೈಟು ತಾನಾಗೇ ಆಫ್ ಆಗೋ ಹಾಗೆ ಸೆಟ್ ಮಾಡಕ್ಕಾಗುತ್ತಾ?" ಈಗಿನ ಬಹಳಷ್ಟು ಕಂಟ್ರೋಲ್ ಬೋರ್ಡ್‌ಗಳಲ್ಲಿ ಈ ಸೆಟ್ಟಿಂಗ್ ಇರುತ್ತೆ. ಅಲಾರಂ, ಎಮರ್ಜೆನ್ಸಿ ಲೈಟ್, ಕರೆಂಟ್ ಹೋದಾಗ ಲಿಫ್ಟನ್ನು ಹತ್ತಿರದ ಮಹಡಿಗೆ ತಂದು ಬಾಗಿಲು ತೆಗೆಯೋ ಬ್ಯಾಟರಿ, ಈ ಮೂರನ್ನು ಮಾತ್ರ ಮುಟ್ಟಬಾರದು. ಈ ಕೆಲಸವನ್ನು ಮೆಕ್ಯಾನಿಕ್ಕೇ ಮಾಡಬೇಕು, ನೀವು ವೈರ್ ಬಿಚ್ಚೋಕೆ ಹೋಗಬೇಡಿ.

ಬಳಸೋರಿಗೂ ಒಂದು ಗುಟ್ಟು. ಲಿಫ್ಟ್ ಪೆಟ್ಟಿಗೆಯ ಇನ್ನೊಂದು ತುದಿಯಲ್ಲಿ ಭಾರದ ಕಲ್ಲು ಕಟ್ಟಿದ ಹಾಗೆ ಒಂದು ಎದುರುತೂಕ ಇರುತ್ತೆ. ಅದು ಪೆಟ್ಟಿಗೆಯ ತೂಕ ಮತ್ತು ಅದು ಹೊರಬಲ್ಲ ಪೂರ್ತಿ ಭಾರದ ಅರ್ಧದಷ್ಟು ಸೇರಿದರೆ ಎಷ್ಟೋ ಅಷ್ಟಿರುತ್ತೆ. ಹಾಗಾಗಿ ಒಬ್ಬರೇ ಹತ್ತಿದಾಗ ಎದುರುತೂಕವೇ ಜಾಸ್ತಿ ಭಾರ. ಮೇಲೆ ಹೋಗುವಾಗ ಅದೇ ಎಳೆದುಕೊಡುತ್ತೆ, ಕೆಳಗೆ ಬರುವಾಗ ಮೋಟಾರ್ ಆ ತೂಕವನ್ನು ಎತ್ತಬೇಕು. ಅಂದರೆ ಒಬ್ಬರೇ ಇಳಿಯುವಾಗಲೇ ಕರೆಂಟ್ ಜಾಸ್ತಿ. ಕಾಲು ಗಟ್ಟಿ ಇರೋರು ಇಳಿಯುವಾಗ ಮೆಟ್ಟಿಲು ಬಳಸಿ, ಅದು ಸುಲಭವೂ ಹೌದು. ಮತ್ತೆ, ಮೇಲಿನ ಬಟನ್ನು, ಕೆಳಗಿನ ಬಟನ್ನು ಎರಡೂ ಒತ್ತಬೇಡಿ. ಲಿಫ್ಟ್ ಸುಮ್ಮನೆ ಇನ್ನೊಂದು ಸಲ ಬಂದು ನಿಲ್ಲುತ್ತೆ.

ಕಾರಿಡಾರ್: ಮೊದಲು ಎಲ್‌ಇಡಿ, ಆಮೇಲೆ ಸೆನ್ಸರ್

ನಮ್ಮ ಕಟ್ಟಡದಲ್ಲಿ 20 ಹಳೇ ಟ್ಯೂಬ್‌ಲೈಟ್. ಟ್ಯೂಬ್ 40 ವ್ಯಾಟ್, ಹಳೇ ಚೋಕ್ ಸೇರಿದರೆ ಸುಮಾರು 50. ಒಟ್ಟು ಒಂದು ಕಿಲೋವ್ಯಾಟ್. ಸಂಜೆ 6ರಿಂದ ಬೆಳಗ್ಗೆ 6ರವರೆಗೆ ಉರಿದರೆ ದಿನಕ್ಕೆ 12 ಯೂನಿಟ್. ಅದೇ ಜಾಗಕ್ಕೆ 20 ವ್ಯಾಟ್‌ನ ಎಲ್‌ಇಡಿ ಹಾಕಿದರೆ 4.8 ಯೂನಿಟ್.

ಹಳೇ ಟ್ಯೂಬ್‌ಗೇ ಸೆನ್ಸರ್ ಹಾಕಿಬಿಡೋಣ ಅಂತ ಕೆಲವರು ಹೇಳ್ತಾರೆ. ಬೇಡ. ಪದೇ ಪದೇ ಆನ್-ಆಫ್ ಆದರೆ ಆ ಟ್ಯೂಬ್‌ಗಳು ಬೇಗ ಸುಡುತ್ತವೆ. ಎಲ್‌ಇಡಿಗೆ ಆ ತೊಂದರೆ ತೀರಾ ಕಡಿಮೆ.

ಎಲ್ಲಾ ಲೈಟ್‌ಗೂ ಸೆನ್ಸರ್ ಬೇಡ. ಪ್ರತಿ ಮಹಡಿಯಲ್ಲಿ ಲಿಫ್ಟ್ ಬಾಗಿಲ ಹತ್ತಿರ ಒಂದು, ಪಾರ್ಕಿಂಗ್‌ನಲ್ಲಿ ಎರಡು, ಒಟ್ಟು 6 ಲೈಟ್ ರಾತ್ರಿಯಿಡೀ ಇರಲಿ. ಹಾಗಿದ್ದರೆ ಯಾರೂ ಕತ್ತಲಿಗೆ ಕಾಲಿಡಬೇಕಾಗಲ್ಲ, ಕ್ಯಾಮೆರಾಗೂ ಮುಖ ಕಾಣುತ್ತೆ. ಉಳಿದ 14ಕ್ಕೆ ಸೆನ್ಸರ್. ಅವು ರಾತ್ರಿಗೆ ಎರಡೂವರೆ ಗಂಟೆ ಉರಿದರೆ ಎಲ್ಲಾ ಸೇರಿ ದಿನಕ್ಕೆ 2.1 ಯೂನಿಟ್. 12ರಿಂದ 2.1ಕ್ಕೆ ಇಳಿದ ಹಾಗಾಯ್ತು.

ಸೆನ್ಸರ್ ಕೆಟ್ಟ ಹೆಸರು ತಗೊಳ್ಳೋದು ಸಾಮಾನ್ಯವಾಗಿ ಎರಡು ಕಾರಣಕ್ಕೆ. ಒಂದು, ಜಾಗ. ಈ ಸೆನ್ಸರ್ ನೋಡೋದು ದೇಹದ ಬಿಸಿ ಜಾಗ ಬದಲಿಸೋದನ್ನು. ನಾವು ಅದರ ಮುಂದೆ ಅಡ್ಡ ಹಾದರೆ ತಕ್ಷಣ ಗೊತ್ತಾಗುತ್ತೆ, ನೇರ ಅದರ ಕಡೆಗೇ ನಡೆದು ಬಂದರೆ ತಡ. ಹಾಗಾಗಿ ಕಾರಿಡಾರ್ ಕೊನೆಯ ಗೋಡೆಗೆ ಹಾಕೋದಕ್ಕಿಂತ ಮಧ್ಯದ ಸೀಲಿಂಗ್ ಮೇಲು. ಎರಡು, ಸಮಯ. 10 ಸೆಕೆಂಡ್‌ಗೆ ಇಟ್ಟರೆ ಬೀಗದ ಕೈ ಹುಡುಕುವಷ್ಟರಲ್ಲಿ ಕತ್ತಲು. ಸಿಟ್ಟು ಬಂದು ಯಾರೋ ಅದಕ್ಕೆ ಟೇಪ್ ಅಂಟಿಸ್ತಾರೆ, ಇಲ್ಲಾ ನೇರ ಕನೆಕ್ಷನ್ ಕೊಡಿಸ್ತಾರೆ. 60ರಿಂದ 90 ಸೆಕೆಂಡ್ ಇಡಿ. ಮೆಟ್ಟಿಲಿನಲ್ಲಿ, ಹೆಜ್ಜೆ ಇಡೋಕೆ ಮುಂಚೆ ಲೈಟ್ ಬರಬೇಕು. ಅಜ್ಜಿಯ ವೇಗದಲ್ಲಿ ನಡೆದು ಪರೀಕ್ಷೆ ಮಾಡಿ, ನಿಮ್ಮ ವೇಗದಲ್ಲಲ್ಲ.

ಇನ್ನು, ಆ 6 ಲೈಟ್‌ಗೆ ಟೈಮರ್ ಬದಲು ಬೆಳಕು ನೋಡಿ ಆನ್ ಆಗೋ ಸ್ವಿಚ್ ಒಳ್ಳೇದು. ಮೈಸೂರಲ್ಲಿ ನವೆಂಬರ್ ಕೊನೆಗೂ ಜುಲೈ ಮೊದಲಿಗೂ ಸೂರ್ಯ ಮುಳುಗೋದರಲ್ಲಿ ಹತ್ತಿರಹತ್ತಿರ ಒಂದು ಗಂಟೆ ವ್ಯತ್ಯಾಸ ಇದೆ. 6 ಗಂಟೆಗೆ ಸೆಟ್ ಮಾಡಿದ ಟೈಮರ್‌ಗೆ ಅದು ಗೊತ್ತಾಗಲ್ಲ.

ಮೋಟಾರ್: ಯಾವಾಗ ಓಡಿಸಬೇಕು?

ರಾತ್ರಿ ಮೋಟಾರ್ ಹಾಕಿದ್ರೆ ಕಡಿಮೆ ಬಿಲ್ ಬರುತ್ತೆ ಅಂತ ಒಂದು ನಂಬಿಕೆ ಇದೆ. ನಿಮ್ಮ ಬಿಲ್‌ನಲ್ಲಿ ಹೊತ್ತಿಗೊಂದು ದರ ಅಂತ ಇದ್ದರೆ ಮಾತ್ರ ಅದು ನಿಜ. ಒಂದೇ ದರ ಇದ್ದರೆ ರಾತ್ರಿ ಎರಡಕ್ಕೂ ಮಧ್ಯಾಹ್ನ ಎರಡಕ್ಕೂ ಯೂನಿಟ್ ಬೆಲೆ ಒಂದೇ.

ಹಾಗಾದರೆ ಹೊತ್ತು ಯಾಕೆ ಮುಖ್ಯ? ನೀರು ಎಲ್ಲಿಂದ ಬರುತ್ತೆ ಅನ್ನೋದಕ್ಕೆ. ಮೈಸೂರಿಗೆ ಕಾವೇರಿ, ಕಬಿನಿ ನೀರು ನಲ್ಲಿಯಲ್ಲಿ ಬರುತ್ತೆ, ನಮ್ಮ ಸಂಪ್‌ಗೆ ತಾನಾಗೇ ಬಂದು ಬೀಳುತ್ತೆ. ಅಲ್ಲಿಂದ ಟ್ಯಾಂಕ್‌ಗೆ ಎತ್ತಬೇಕಾದ ಎತ್ತರ 25 ಮೀಟರ್ ಒಳಗೇ. 16 ಮನೆಗೆ ದಿನಕ್ಕೆ 9,000 ಲೀಟರ್ ಅಂದರೆ, 2 ಎಚ್‌ಪಿ ಮೋಟಾರ್ ಒಂದು ಗಂಟೆ ಓಡಿ ಸುಮಾರು 2 ಯೂನಿಟ್ ತಗೊಳ್ಳುತ್ತೆ. ಅದೇ ನೀರನ್ನು 100 ಮೀಟರ್ ಆಳದ ಬೋರ್‌ವೆಲ್‌ನಿಂದ ಎತ್ತಿದರೆ 7 ಯೂನಿಟ್ ಹತ್ತಿರ ಹೋಗುತ್ತೆ. ಅದು ಸಂಪ್‌ಗೆ ಬಿದ್ದರೆ ಟ್ಯಾಂಕ್‌ಗೆ ಎತ್ತೋ 2 ಯೂನಿಟ್ ಬೇರೆ.

ಇಲ್ಲೇ ಒಂದು ತಪ್ಪಾಗೋದು. ವಾಚ್‌ಮನ್ ಮುಂಜಾಗ್ರತೆಗೆ ಅಂತ ರಾತ್ರಿಯೇ ಬೋರ್ ಹಾಕಿ ಸಂಪ್ ತುಂಬಿಸಿಬಿಡ್ತಾರೆ. ಬೆಳಗ್ಗೆ ನಲ್ಲಿ ನೀರು ಬಂದಾಗ ಸಂಪ್ ತುಂಬಿರುತ್ತೆ, ಫ್ಲೋಟ್ ವಾಲ್ವ್ ಮುಚ್ಚಿಕೊಂಡಿರುತ್ತೆ. ಅಗ್ಗದ ನೀರು ಬಾಗಿಲಿಗೆ ಬಂದು ವಾಪಸ್ ಹೋದ ಹಾಗೆ. ಆದ್ದರಿಂದ ನಿಮ್ಮ ಬೀದಿಗೆ ನೀರು ಬಿಡೋ ಹೊತ್ತು ತಿಳ್ಕೊಳ್ಳಿ. ಅದಕ್ಕೆ ಮುಂಚೆ ಸಂಪ್‌ನಿಂದ ಟ್ಯಾಂಕ್‌ಗೆ ಎತ್ತಿ ಸಂಪ್ ಖಾಲಿ ಮಾಡಿ. ನಲ್ಲಿ ನಿಂತ ಮೇಲೆ ಸಾಲದಿದ್ದರೆ ಮಾತ್ರ ಬೋರ್.

ಇನ್ನೊಂದು ಸೋರಿಕೆ ಟ್ಯಾಂಕ್ ತುಂಬಿ ಹರಿಯೋದು. ದಿನಾ ಅರ್ಧ ಗಂಟೆ ಹರಿದರೆ 1 ಯೂನಿಟ್ ದಂಡ, ನೀರೂ ಹೋಯ್ತು. ಟ್ಯಾಂಕ್ ತುಂಬಿದಾಗ, ಸಂಪ್ ಬರಿದಾದಾಗ, ಎರಡೂ ಕಡೆ ಮೋಟಾರ್ ನಿಲ್ಲಿಸೋ ಲೆವೆಲ್ ಕಂಟ್ರೋಲರ್ ಹಾಕಿಸಿ. ಜೊತೆಗೆ ಗೋಡೆಗೆ ಒಂದು ನೋಟ್‌ಬುಕ್ ನೇತುಹಾಕಿ, ಆನ್ ಆದ ಹೊತ್ತು, ಆಫ್ ಆದ ಹೊತ್ತು ಬರೀಲಿ. ಒಂದು ಗಂಟೆಯಲ್ಲಿ ತುಂಬ್ತಿದ್ದ ಟ್ಯಾಂಕ್‌ಗೆ ಒಂದೂವರೆ ಗಂಟೆ ಬೇಕಾದರೆ ಫುಟ್‌ವಾಲ್ವ್ ಸೋರ್ತಿರಬಹುದು, ಇಲ್ಲಾ ಮೋಟಾರ್ ಸವೆದಿರಬಹುದು. ತುಂಬೋ ಹೊತ್ತು ಅಷ್ಟೇ ಇದ್ದು, ದಿನಕ್ಕೆ ಹೆಚ್ಚು ಸಲ ತುಂಬಿಸಬೇಕಾದರೆ ಯಾರದ್ದೋ ಮನೆಯ ಫ್ಲಶ್ ಸೋರ್ತಿದೆ. ರಾತ್ರಿ 12ಕ್ಕೆ ಮತ್ತು 4ಕ್ಕೆ ಟ್ಯಾಂಕ್ ಮಟ್ಟ ನೋಡಿ. ಎಲ್ಲರೂ ಮಲಗಿದ್ದಾಗಲೂ ಚೆನ್ನಾಗಿ ಇಳಿದಿದ್ದರೆ ಅನುಮಾನವೇ ಬೇಡ.

ಕೊನೇ ಲೆಕ್ಕ

ಬೋರ್ ಬಿಟ್ಟು ನೋಡೋಣ. ಮೊದಲು ದಿನಕ್ಕೆ ಲೈಟ್ 12, ಲಿಫ್ಟ್ 5.8, ಹರಿದು ಹೋಗೋದೂ ಸೇರಿ ಮೋಟಾರ್ 3, ಸಿಸಿಟಿವಿ 1.2. ಒಟ್ಟು 22 ಯೂನಿಟ್. ಬದಲಾದ ಮೇಲೆ ಲೈಟ್ 2.1, ಲಿಫ್ಟ್ 3.6, ಮೋಟಾರ್ 2, ಸಿಸಿಟಿವಿ ಅಷ್ಟೇ. ಒಟ್ಟು 9ರ ಆಸುಪಾಸು. ತಿಂಗಳಿಗೆ 390 ಯೂನಿಟ್, ನಮ್ಮ 6 ರೂಪಾಯಿ ಲೆಕ್ಕದಲ್ಲಿ 2,300 ರೂಪಾಯಿ ಉಳಿತಾಯ. ಮನೆಗೆ 145 ಚಿಲ್ಲರೆ. ಬಿಲ್‌ನ ನಿಗದಿತ ಶುಲ್ಕ ಮಾತ್ರ ಹಾಗೇ ಇರುತ್ತೆ. ಅದು ಮಂಜೂರಾದ ಲೋಡ್ ಮೇಲೆ ಬೀಳೋದು, ಬಳಸಿದ ಯೂನಿಟ್ ಮೇಲೆ ಅಲ್ಲ.

ನಿಮ್ಮ ಕಟ್ಟಡದ ಅಂಕಿ ಬೇರೆ ಇರುತ್ತೆ. ಅದಕ್ಕೇ ಮೊದಲು ಮೀಟರ್ ಮುಂದೆ ಒಂದು ನಿಮಿಷ ನಿಲ್ಲಿ ಅಂದಿದ್ದು. ಇವತ್ತು ರಾತ್ರಿ ವಿಡಿಯೋ ಮಾಡಿ, ಮೂರು ಸಂಖ್ಯೆಗಳನ್ನು ಆ ವಾಟ್ಸಾಪ್ ಗ್ರೂಪ್‌ಗೆ ಹಾಕಿ. ಲಿಫ್ಟ್ ಬಂದ್ ಮಾಡೋ ಮಾತು ಆಮೇಲೆ ಯಾರು ಎತ್ತುತ್ತಾರೋ ನೋಡೋಣ.