ಒಂದೇ ಪೀಕ್, ಎರಡು ಪರಿಮಳ

ಏಲಕ್ಕಿ ಎಣ್ಣೆಯ ಘಮ ಹತ್ತಾರು ರಾಸಾಯನಿಕಗಳು ಕೂಡಿ ಆದದ್ದು. ಅವುಗಳಲ್ಲಿ ದೊಡ್ಡ ಪಾಲು ಎರಡರದು. ಮೂಗಿಗೆ ತಂಪಾಗಿ ಚುರುಕು ಮುಟ್ಟಿಸುವ ಸಿನಿಯೋಲ್ ಒಂದು, ಸಿಹಿಯಾದ ಹಿತವಾದ ವಾಸನೆಯ ಟರ್ಪಿನೈಲ್ ಅಸಿಟೇಟ್ ಇನ್ನೊಂದು. ನಮ್ಮ ಮಲೆನಾಡು, ಕೊಡಗಿನಲ್ಲಿ ಹೆಚ್ಚಾಗಿ ಬೆಳೆಯುವ ಮಲಬಾರ್ ತಳಿಯಲ್ಲಿ ಸಿನಿಯೋಲ್ ತುಸು ಮುಂದು. ನೀಲಗಿರಿ ಎಣ್ಣೆಯ ಮುಖ್ಯ ಅಂಶವೂ ಇದೇ ಸಿನಿಯೋಲ್, ಅದು ಏಲಕ್ಕಿ ಎಣ್ಣೆಗಿಂತ ಬಹಳ ಅಗ್ಗ. ಹಾಗಾಗಿ ಏಲಕ್ಕಿ ಎಣ್ಣೆ ಕೊಳ್ಳುವವರು ಸಿನಿಯೋಲ್ ಎಷ್ಟು ಶೇಕಡ ಇದೆ ಎಂದು ಕೇಳದೆ ಬಿಡುವುದಿಲ್ಲ. ಆ ಲೆಕ್ಕ ಕೊಡುವ ಯಂತ್ರ ಗ್ಯಾಸ್ ಕ್ರೊಮ್ಯಾಟೋಗ್ರಾಫ್.

ಈ ಯಂತ್ರದ ಹೃದಯ ಒಂದು ಕಾಲಮ್. ಕೂದಲಿನಷ್ಟು ಸಣ್ಣ ರಂಧ್ರವಿರುವ, ಸಾಮಾನ್ಯವಾಗಿ 30 ಮೀಟರ್ ಉದ್ದದ ಗಾಜಿನಂಥ ಕೊಳವೆಯನ್ನು ಸುರುಳಿ ಸುತ್ತಿ ಓವನ್ನಿನೊಳಗೆ ಇಟ್ಟಿರುತ್ತಾರೆ. ಅದರ ಒಳಗೋಡೆಗೆ ತೆಳುವಾದ ಒಂದು ಲೇಪನ. ಎಣ್ಣೆಯನ್ನು ಆವಿ ಮಾಡಿ ಹೀಲಿಯಂ ಅನಿಲದ ಜೊತೆ ತೂರಿಸಿದಾಗ ಪ್ರತಿ ಅಂಶವೂ ಲೇಪನಕ್ಕೆ ಅಂಟುತ್ತ ಬಿಡುತ್ತ ಸಾಗುತ್ತದೆ. ಒಂದೇ ಊರಿನಿಂದ ಜಾತ್ರೆಗೆ ಹೊರಟವರಲ್ಲಿ ದಾರಿಯ ಅಂಗಡಿಗಳಲ್ಲಿ ನಿಂತವರು ತಡವಾಗಿ ತಲುಪುವಂತೆ, ಹೆಚ್ಚು ಅಂಟುವ ಅಂಶ ಕೊನೆಗೆ ಹೊರಬರುತ್ತದೆ. ಹೊರಬಂದ ಒಂದೊಂದಕ್ಕೂ ಪರದೆಯ ಮೇಲೆ ಒಂದು ಪೀಕ್ ಏಳುತ್ತದೆ. ಪೀಕಿನ ಕೆಳಗಿನ ವಿಸ್ತೀರ್ಣವೇ ಅದರ ಪ್ರಮಾಣ.

ತೊಡಕು ಬರುವುದು ಎರಡು ಅಂಶಗಳು ಒಟ್ಟಿಗೆ ಹೊರಬಂದಾಗ. ಏಲಕ್ಕಿಯಲ್ಲಿ ಸಿನಿಯೋಲ್ ಜೊತೆ ಸ್ವಲ್ಪ ಲಿಮೊನೀನ್ ಕೂಡ ಇದೆ, ಕಿತ್ತಳೆ ಸಿಪ್ಪೆಯಲ್ಲಿರುವುದೂ ಅದೇ. ಎರಡೂ ಕುದಿಯುವುದು ಸುಮಾರು 176 ಡಿಗ್ರಿಯಲ್ಲಿ. ಲ್ಯಾಬುಗಳಲ್ಲಿ ಹೆಚ್ಚು ಬಳಕೆಯಲ್ಲಿರುವ, ಸಿಲಿಕೋನ್ ಲೇಪನದ ಕಾಲಮ್ ಅಂಶಗಳನ್ನು ಬೇರ್ಪಡಿಸುವುದು ಬಹುಮಟ್ಟಿಗೆ ಕುದಿಬಿಂದುವಿನ ಆಧಾರದ ಮೇಲೆ. ಆದ್ದರಿಂದ ಅದಕ್ಕೆ ಇವೆರಡರ ನಡುವೆ ಹೆಚ್ಚಿನ ಅಂತರ ಕಾಣುವುದಿಲ್ಲ. ಆ ಪೀಕ್ 38 ಶೇಕಡ ತೋರಿಸಿತು ಎಂದುಕೊಳ್ಳೋಣ. ಅದರಲ್ಲಿ ಸಿನಿಯೋಲ್ 35, ಲಿಮೊನೀನ್ 3 ಇರಬಹುದು. ಆದರೆ ವರದಿಯಲ್ಲಿ ಸಿನಿಯೋಲ್ 38 ಎಂದೇ ಅಚ್ಚಾಗುತ್ತದೆ.

ಒಂದು ಪೀಕಿನೊಳಗೆ ಎರಡಿವೆ ಎಂದು ಗೊತ್ತಾಗುವುದು ಹೇಗೆ? ಮೊದಲು ಆಕಾರ ನೋಡಬೇಕು. ಆಚೀಚಿನ ಪೀಕ್‌ಗಳು ಚೂಪಾಗಿ, ಎರಡು ಬದಿಯೂ ಸಮನಾಗಿದ್ದು ಇದೊಂದು ಮಾತ್ರ ಅಗಲವಾಗಿದ್ದರೆ, ಅಥವಾ ಅದರ ಪಕ್ಕದಲ್ಲಿ ಸಣ್ಣ ಭುಜ ಎದ್ದಿದ್ದರೆ ಅನುಮಾನಿಸಬೇಕು. ಎಲ್ಲ ಪೀಕ್‌ಗಳೂ ಹಾಗೇ ಬಾಲ ಎಳೆದಿದ್ದರೆ ದೋಷ ಯಂತ್ರದ್ದು. ಕಾಲಮ್ಮಿನ ಮುಂತುದಿ ಕೊಳೆಯಾಗಿರಬಹುದು, ಜೋಡಣೆಯಲ್ಲಿ ಅನಿಲ ಸೋರುತ್ತಿರಬಹುದು. ಆಗ ತುದಿಯನ್ನು ಅರ್ಧ ಮೀಟರ್ ಕತ್ತರಿಸಿ, ಇಂಜೆಕ್ಟರಿನ ಗಾಜಿನ ಲೈನರ್ ಬದಲಿಸಿ ಮತ್ತೆ ನೋಡುವುದೇ ಸರಿ.

ಪೀಕ್ ಅಂದವಾಗಿದ್ದ ಮಾತ್ರಕ್ಕೆ ಅದು ಒಂಟಿ ಎಂದು ನಂಬುವಂತೆಯೂ ಇಲ್ಲ. ಸಾಮಾನ್ಯ ಜ್ವಾಲಾ ಡಿಟೆಕ್ಟರ್ ಬಂದದ್ದು ಎಷ್ಟು ಎಂದು ಹೇಳುತ್ತದೆಯೇ ಹೊರತು ಯಾವುದು ಎಂದು ಹೇಳುವುದಿಲ್ಲ. ಅದನ್ನು ಹೇಳುವುದು ಮಾಸ್ ಸ್ಪೆಕ್ಟ್ರೋಮೀಟರ್, ಅಣುಗಳನ್ನು ಒಡೆದು ಚೂರುಗಳ ತೂಕ ನೋಡುವ ಯಂತ್ರ. ಪೀಕಿನ ಏರುವ ಬದಿಯಲ್ಲೊಮ್ಮೆ, ಇಳಿಯುವ ಬದಿಯಲ್ಲೊಮ್ಮೆ ಚೂರುಗಳ ಪಟ್ಟಿ ತೆಗೆದು ಹೋಲಿಸಬೇಕು. ಏರುವ ಬದಿಯಲ್ಲಿ ಲಿಮೊನೀನ್‌ನ ಗುರುತಾದ 68 ಎದ್ದು ಕಂಡು, ಇಳಿಯುವ ಬದಿಯಲ್ಲಿ 139 ಮತ್ತು 154 ಹೆಚ್ಚಾದರೆ ಅಲ್ಲಿ ಎರಡಿರುವುದು ಖಚಿತ. ಲಿಮೊನೀನ್ ಅಣುವಿನ ಒಟ್ಟು ತೂಕವೇ 136. ಹಾಗಾಗಿ 139 ಮತ್ತು 154 ಅದರಿಂದ ಬರಲಾರವು, ಅವು ಸಿನಿಯೋಲ್‌ನವು.

ಈಗ ಪರಿಹಾರಕ್ಕೆ ಬರೋಣ. ಖರ್ಚಿಲ್ಲದ ದಾರಿ ಮೊದಲು. ಸಿನಿಯೋಲ್ ಅತಿಯಾಗಿದ್ದರೆ ಲೇಪನ ತುಂಬಿಹೋಗಿ, ಪೀಕ್ ಮುಂದಕ್ಕೆ ಚಾಚಿಕೊಂಡು ಪಕ್ಕದ ಸಣ್ಣ ಪೀಕನ್ನು ನುಂಗುತ್ತದೆ. ಅದಕ್ಕೆ ಎಣ್ಣೆಯನ್ನು ಇನ್ನಷ್ಟು ತೆಳು ಮಾಡಿ ಮತ್ತೆ ಓಡಿಸಬೇಕು. ಅಷ್ಟಕ್ಕೇ ಭುಜ ಬೇರೆಯಾಗಿ ಕಂಡರೂ ಕಾಣಬಹುದು.

ಆಮೇಲೆ ತಾಪಮಾನದ ಕ್ರಮ. ಓವನ್ ನಿಮಿಷಕ್ಕೆ 10 ಡಿಗ್ರಿಯಂತೆ ಏರುತ್ತಿದ್ದರೆ ಅದನ್ನು 3 ಡಿಗ್ರಿಗೆ ಇಳಿಸಿ ಓಡಿಸಿ, ಎರಡು ಚಿತ್ರಗಳನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಕಾಲಮ್ ಬೇಕೋ ಬೇಡವೋ ಎಂದು ತೀರ್ಮಾನಿಸುವ ಪರೀಕ್ಷೆ ಇದೇ. ಪೀಕ್‌ಗಳು ಬೇರೆಯಾಗುವ ಸೂಚನೆ ಕಂಡರೆ ತಾಪಮಾನದಿಂದ ಇನ್ನೂ ಲಾಭವಿದೆ. ಆಗ ಆ ಜೋಡಿ ಹೊರಬರುವ ತಾಪಮಾನಕ್ಕಿಂತ 40-50 ಡಿಗ್ರಿ ಕೆಳಗಿನಿಂದಲೇ ಏರಿಕೆ ನಿಧಾನಿಸಿ, ಜೋಡಿ ದಾಟಿದ ಮೇಲೆ ಮತ್ತೆ ವೇಗ ಹೆಚ್ಚಿಸಬಹುದು, ಇಡೀ ಓಟವನ್ನು ಎಳೆಯಬೇಕಿಲ್ಲ. ಎಷ್ಟು ನಿಧಾನಿಸಿದರೂ ಇಬ್ಬರೂ ಒಟ್ಟಿಗೇ ತಡವಾಗಿ ಬಂದರೆ ಲೇಪನಕ್ಕೆ ಅವರಿಬ್ಬರ ವ್ಯತ್ಯಾಸವೇ ತಿಳಿಯುತ್ತಿಲ್ಲ ಎಂದರ್ಥ. ಅದೇ ಲೇಪನದ 60 ಮೀಟರ್ ಕಾಲಮ್ ತಂದರೂ ಬೇರ್ಪಡಿಕೆ ಸುಮಾರು 1.4 ಪಟ್ಟು ಮಾತ್ರ ಸುಧಾರಿಸುತ್ತದೆ, ಕಾಯುವ ಸಮಯ ಮಾತ್ರ ದುಪ್ಪಟ್ಟಾಗುತ್ತದೆ.

ನಮ್ಮ ಜೋಡಿ ಈ ಎರಡರ ನಡುವೆ ಬರುತ್ತದೆ. ಯಾವ ಅಂಶ ಎಲ್ಲಿ ಹೊರಬರುತ್ತದೆ ಎಂಬುದಕ್ಕೆ ರಸಾಯನ ವಿಜ್ಞಾನಿಗಳು ಒಂದು ಅಳತೆಗೋಲು ಮಾಡಿಕೊಂಡಿದ್ದಾರೆ. ಹತ್ತು ಕಾರ್ಬನ್‌ಗಳ ನೇರ ಸರಪಳಿ ಅದರಲ್ಲಿ 1000, ಹನ್ನೊಂದರದು 1100. ಸಿಲಿಕೋನ್ ಲೇಪನದಲ್ಲಿ ಲಿಮೊನೀನ್ ಸುಮಾರು 1029, ಸಿನಿಯೋಲ್ 1031. ಎರಡೇ ಅಂಕದ ಅಂತರ! ನಿಧಾನವಾಗಿ ಏರಿಸಿದರೆ ನಡುವೆ ಒಂದು ತಗ್ಗು ಕಂಡರೂ, ಸಿನಿಯೋಲ್ ಹತ್ತು ಪಟ್ಟು ದೊಡ್ಡದಿರುವಾಗ ಲಿಮೊನೀನ್‌ನ ವಿಸ್ತೀರ್ಣ ಅಳೆಯುವಷ್ಟು ಆ ತಗ್ಗು ಆಳವಾಗುವುದು ಕಷ್ಟ. ಧ್ರುವೀಯ ಲೇಪನದ ವ್ಯಾಕ್ಸ್ ಕಾಲಮ್‌ನಲ್ಲಿ ಇದೇ ಅಂತರ ಸುಮಾರು ಹತ್ತಕ್ಕೆ ಏರುತ್ತದೆ. ಸಿನಿಯೋಲ್‌ನಲ್ಲಿ ಆಮ್ಲಜನಕವಿದೆ, ಲಿಮೊನೀನ್‌ನಲ್ಲಿ ಇಲ್ಲ. ವ್ಯಾಕ್ಸ್ ಲೇಪನ ಆಮ್ಲಜನಕವಿರುವ ಅಣುವನ್ನು ಗುರುತಿಸಿ ಹಿಡಿದು ನಿಲ್ಲಿಸುತ್ತದೆ.

ಹಾಗಾದರೆ ಹೊಸ ಕಾಲಮ್ ತರಿಸಿದರೆ ಆಯಿತೇ? ಏಲಕ್ಕಿಯ ವಿಷಯದಲ್ಲಿ ಇಲ್ಲೊಂದು ಎಡವಟ್ಟಿದೆ. ಎಣ್ಣೆಯ ಇನ್ನೊಂದು ಮುಖ್ಯ ಅಂಶ ಟರ್ಪಿನೈಲ್ ಅಸಿಟೇಟ್, ಅದರ ಸಂಬಂಧಿ ಟರ್ಪಿನಿಯಾಲ್. ಸಿಲಿಕೋನ್ ಲೇಪನದಲ್ಲಿ ಟರ್ಪಿನಿಯಾಲ್ 1189ಕ್ಕೆ, ಅಸಿಟೇಟ್ 1349ಕ್ಕೆ ಬಂದು ದೂರದೂರ ನಿಲ್ಲುತ್ತವೆ. ವ್ಯಾಕ್ಸ್ ಲೇಪನ ಆಲ್ಕೊಹಾಲ್ ಆದ ಟರ್ಪಿನಿಯಾಲನ್ನು ಬಲವಾಗಿ ಹಿಡಿದು ತಡಮಾಡಿಸುವುದರಿಂದ ಅಲ್ಲಿ ಎರಡೂ 1695ರ ಆಸುಪಾಸಿನಲ್ಲಿ ಒಂದರ ಮೇಲೊಂದು ಬೀಳುತ್ತವೆ. ಒಂದು ಗಂಟು ಬಿಚ್ಚಲು ಹೋಗಿ ಇನ್ನೊಂದು ಗಂಟು ಬಿತ್ತು. ಸಾಲದ್ದಕ್ಕೆ ವ್ಯಾಕ್ಸ್ ಲೇಪನ ಸಾಮಾನ್ಯವಾಗಿ 250 ಡಿಗ್ರಿಯ ಆಸುಪಾಸಿಗೇ ಸೋಲುತ್ತದೆ, ಬಿಸಿಯಿರುವಾಗ ಆಮ್ಲಜನಕ ಸೋಕಿದರೆ ಬೇಗ ಹಾಳಾಗುತ್ತದೆ.

ಆದ್ದರಿಂದ ಹಣ ಹಾಕುವ ಮೊದಲು ಯಾವ ಸಂಖ್ಯೆ ಬೇಕು ಎಂದು ಸ್ಪಷ್ಟ ಮಾಡಿಕೊಳ್ಳಬೇಕು. ಸಿನಿಯೋಲ್ ಒಂದೇ ಬೇಕಿದ್ದು ಮಾಸ್ ಸ್ಪೆಕ್ಟ್ರೋಮೀಟರ್ ಇದ್ದರೆ ಹೊಸ ಕಾಲಮ್ ಬೇಕಾಗಿಲ್ಲ. ಪ್ರಮಾಣ ಗೊತ್ತಿರುವ ಶುದ್ಧ ಸಿನಿಯೋಲ್ ಜೊತೆ 154ರ ಸಂಕೇತವನ್ನು ಹೋಲಿಸಿ ಲೆಕ್ಕ ಹಾಕಬಹುದು, ಒಳಗಿರುವ ಲಿಮೊನೀನ್ ಅಡ್ಡಿಯಾಗುವುದಿಲ್ಲ. ಜ್ವಾಲಾ ಡಿಟೆಕ್ಟರ್ ಮಾತ್ರ ಇದ್ದು, ಲಿಮೊನೀನ್ ಎಷ್ಟೆಂದೂ ಹೇಳಬೇಕಿದ್ದರೆ ವ್ಯಾಕ್ಸ್ ಕಾಲಮ್ ಕೊಳ್ಳಲೇಬೇಕು. ಹಾಗೆ ಕೊಂಡರೂ ಹಳೆಯದನ್ನು ತೆಗೆದಿಡಬಾರದು. ಲಿಮೊನೀನ್, ಸಿನಿಯೋಲ್ ಲೆಕ್ಕವನ್ನು ವ್ಯಾಕ್ಸಿನಿಂದ, ಟರ್ಪಿನಿಯಾಲ್ ಮತ್ತು ಅಸಿಟೇಟ್ ಲೆಕ್ಕವನ್ನು ಸಿಲಿಕೋನಿನಿಂದ ತೆಗೆದುಕೊಳ್ಳಬೇಕು. ಯಾವ ಸಂಖ್ಯೆ ಯಾವ ಕಾಲಮ್ಮಿನದು ಎಂದು ವರದಿಯಲ್ಲಿ ನಮೂದಿಸಬೇಕು. ಎಣ್ಣೆ ಕೊಳ್ಳುವವರೂ ಮಾರುವವರೂ ವರದಿ ಕೈಗೆ ಬಂದಾಗ ಶೇಕಡಾವಾರು ನೋಡುವ ಮೊದಲು ಆ ಸಾಲನ್ನು ಹುಡುಕಲಿ. ಕಾಲಮ್ಮಿನ ಹೆಸರಿಲ್ಲದ ವರದಿಯಲ್ಲಿ 38 ಎಂದರೆ ಏನೆಂದು ಯಾರೂ ಖಚಿತವಾಗಿ ಹೇಳಲಾರರು.