ಅಜ್ಜಿಗೆ ಪಿತ್ತ, ಅಮ್ಮನಿಗೆ ಮೈಗ್ರೇನ್, ಮಗಳಿಗೆ ಹೊಟ್ಟೆನೋವು: ಮೂರೂ ಒಂದೇನಾ?

ಪ್ರಶ್ನೆ: ನನಗೆ 33 ವರ್ಷ, ಪಿಯುಸಿಯಿಂದ ಮೈಗ್ರೇನ್ ಇದೆ. ಈಗ 7 ವರ್ಷದ ಮಗಳಿಗೆ ತಿಂಗಳಿಗೊಮ್ಮೆಯಾದರೂ ಹೊಟ್ಟೆನೋವು ಬರುತ್ತೆ. ಹೊಕ್ಕುಳ ಹತ್ತಿರ ನೋವು ಅಂತ ಮುದುಡಿ ಮಲಗ್ತಾಳೆ, ಮುಖ ಬಿಳಿಚಿಕೊಳ್ಳುತ್ತೆ, ಊಟ ಬೇಡ ಅಂತಾಳೆ, ಕೆಲವು ಸಲ ವಾಂತಿ. ನಾಲ್ಕೈದು ಗಂಟೆ ಆದ್ಮೇಲೆ ಏನೂ ಆಗಿಲ್ಲ ಅನ್ನೋ ಹಾಗೆ ಆಡ್ತಾಳೆ. ಜಂತುಹುಳಕ್ಕೆ ಔಷಧಿ ಕೊಟ್ಟಿದ್ದಾಯ್ತು, ಸ್ಕ್ಯಾನಿಂಗ್ ನಾರ್ಮಲ್. ಮನೆಯಲ್ಲಿ ‘ಸ್ಕೂಲ್ ತಪ್ಪಿಸೋ ನಾಟಕ’ ಅಂತಾರೆ. ನನ್ನ ಮೈಗ್ರೇನೇ ಅವಳಿಗೆ ಬಂತಾ? ಎರಡನೇ ಮಗು ಬೇಡವೇ ಬೇಡ ಅನ್ನಿಸಿಬಿಟ್ಟಿದೆ.

ಉತ್ತರ: ಮೈಗ್ರೇನ್ ವಂಶದಲ್ಲಿ ಹರಿಯುವುದು ನಿಜ. ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೆ ಮಗುವಿಗೆ ಬರುವ ಸಾಧ್ಯತೆ ಹೆಚ್ಚುಕಡಿಮೆ ಅರ್ಧ, ಇಬ್ಬರಿಗೂ ಇದ್ದರೆ ಮುಕ್ಕಾಲು ಎಂದು ವೈದ್ಯರು ಅಂದಾಜು ಹೇಳುತ್ತಾರೆ. ಆದರೆ ಇದು ಒಂದೇ ಜೀನ್‌ನ ಕೆಲಸವಲ್ಲ. ಕೈಕಾಲು ಒಂದು ಕಡೆ ಸ್ವಾಧೀನ ತಪ್ಪುವಂಥ ಅಪರೂಪದ ಮೈಗ್ರೇನ್ ಮಾತ್ರ ಒಂದು ಜೀನ್‌ನಿಂದ ಬರಬಹುದು. ಸಾಮಾನ್ಯ ಮೈಗ್ರೇನಿನ ಹಿಂದೆ ನೂರಕ್ಕೂ ಹೆಚ್ಚು ಸಣ್ಣ ಸಣ್ಣ ಜೀನ್ ವ್ಯತ್ಯಾಸಗಳಿವೆ. ಹಾಗಾಗಿ ಜೀನ್ ಟೆಸ್ಟ್‌ಗೆ ದುಡ್ಡು ಸುರಿಯಬೇಡಿ.

ಮಗುವಿಗೆ ಬರುವುದು ತಲೆನೋವಲ್ಲ, ಬದಲಾವಣೆ ತಡೆಯದ ಮಿದುಳು. ನಿದ್ದೆ ಕೆಟ್ಟರೆ, ಊಟ ತಪ್ಪಿದರೆ, ಬಿಸಿಲು ಜೋರಾದರೆ ಅದು ಬೇಗ ಕೆರಳುತ್ತದೆ. ಮೈಗ್ರೇನ್ ಇದೆ ಅನ್ನುವ ಕಾರಣಕ್ಕೇ ಎರಡನೇ ಮಗು ಬೇಡ ಅಂತ ನಾನಂತೂ ಯಾರಿಗೂ ಹೇಳುವುದಿಲ್ಲ.

ಅಂದ ಹಾಗೆ, ತಪ್ಪೆಲ್ಲ ನಿಮ್ಮ ತಲೆ ಮೇಲೇ ಏಕೆ? ಗಂಡನ ಮನೆ ಕಡೆಯೂ ಒಮ್ಮೆ ವಿಚಾರಿಸಿ. ‘ಮೈಗ್ರೇನ್ ಇತ್ತಾ’ ಅಂದರೆ ಇಲ್ಲ ಅಂತಾರೆ. ‘ಪಿತ್ತ ಕೆದರಿ ತಲೆನೋವು ಬರ್ತಿತ್ತಾ, ವಾಂತಿ ಆದ್ಮೇಲೆ ಕಡಿಮೆ ಆಗ್ತಿತ್ತಾ, ಕತ್ತಲೆ ಕೋಣೆಯಲ್ಲಿ ಮಲಗ್ತಿದ್ರಾ’ ಅಂತ ಕೇಳಿ ನೋಡಿ. ನಮ್ಮ ಮನೆಗಳಲ್ಲಿ ಎಷ್ಟೋ ಮೈಗ್ರೇನ್‌ಗಳು ಪಿತ್ತದ ಹೆಸರಲ್ಲೇ ಬದುಕಿ ಹೋಗಿವೆ.

ಪ್ರಶ್ನೆ: ಆದರೆ ಅವಳಿಗೆ ತಲೆನೋವೇ ಇಲ್ವಲ್ಲ?

ಉತ್ತರ: ಇಲ್ಲೇ ಎಲ್ಲರೂ ಎಡವುವುದು. ಮಕ್ಕಳಲ್ಲಿ ಮೈಗ್ರೇನ್ ಹೊಟ್ಟೆಯಲ್ಲಿ ಕಾಣಿಸಿಕೊಳ್ಳಬಹುದು. ಅದಕ್ಕೆ ಅಬ್ಡಾಮಿನಲ್ ಮೈಗ್ರೇನ್ ಎಂದೇ ಹೆಸರು. ನೀವು ಬರೆದಿರುವುದು ಅದರ ಚಿತ್ರವೇ: ಹೊಕ್ಕುಳ ಸುತ್ತ ನೋವು, ಬಿಳಿಚಿದ ಮುಖ, ಹಸಿವಿಲ್ಲದಿರುವುದು, ವಾಕರಿಕೆ. 2 ಗಂಟೆಯಿಂದ 72 ಗಂಟೆವರೆಗೆ ಇರಬಹುದು. ಮುಖ್ಯ ಸುಳಿವೆಂದರೆ ಎರಡು ನೋವುಗಳ ನಡುವೆ ಮಗು ಪೂರ್ತಿ ಆರಾಮವಾಗಿರುತ್ತದೆ. ಇಂಥ 5 ಸಲವಾದರೂ ಆಗಿ, ಬೇರೆ ಕಾರಣ ಸಿಗದಿದ್ದಾಗ ಮಕ್ಕಳ ವೈದ್ಯರು ಈ ಹೆಸರು ಕೊಡುತ್ತಾರೆ. ಬಸ್ಸಿನಲ್ಲಿ ವಾಂತಿ ಮಾಡುವ ಅಭ್ಯಾಸವಿದ್ದರೆ ಅದನ್ನೂ ಹೇಳಿ. ಮೈಗ್ರೇನ್ ಇರುವ ಮಕ್ಕಳಲ್ಲಿ ಅದು ಹೆಚ್ಚು.

ನಾಟಕವೋ ಅಲ್ಲವೋ ಅಂತ ತಿಳಿಯಲು ಭಾನುವಾರ, ರಜೆಯಲ್ಲೂ ಬರುತ್ತಾ ನೋಡಿ. ಬಿಳಿಚಿದ ಮುಖವನ್ನು ನಟಿಸಲು 7 ವರ್ಷದ ಮಗುವಿಗೆ ಆಗಲ್ಲ.

ದೊಡ್ಡವಳಾದಂತೆ ಹೊಟ್ಟೆನೋವು ಹೋಗಿ ತಲೆನೋವು ಶುರುವಾಗಬಹುದು. ಆಗಲೂ ‘ಅರೆ’ ತಲೆನೋವಿಗಾಗಿ ಕಾಯಬೇಡಿ. ಮಕ್ಕಳಿಗೆ ಹೆಚ್ಚಾಗಿ ಹಣೆಯ ಎರಡೂ ಕಡೆ ನೋಯುತ್ತದೆ.

ಪ್ರಶ್ನೆ: ಯಾವಾಗ ಹೆದರಬೇಕು?

ಉತ್ತರ: ನೋವು ಹೊಕ್ಕುಳಿನಿಂದ ದೂರ, ಅದರಲ್ಲೂ ಬಲ ಕೆಳಹೊಟ್ಟೆಯಲ್ಲಿದ್ದರೆ, ಹಸಿರು ವಾಂತಿ, ಮಲದಲ್ಲಿ ರಕ್ತ, ಜ್ವರ, ತೂಕ ಇಳಿಕೆ ಇದ್ದರೆ ಅದನ್ನು ಮೈಗ್ರೇನ್ ಅಂದುಕೊಂಡು ಕೂರಬೇಡಿ. ತಲೆನೋವಿನ ಜತೆ ಬೆಳಗಿನ ಜಾವ ವಾಂತಿ, ನಡಿಗೆ ತಡವರಿಸುವುದು, ಕಣ್ಣು ಮಂಜಾಗುವುದು ಇದ್ದರೂ ಅಂದೇ ತೋರಿಸಿ.

ಪ್ರಶ್ನೆ: ಈಗಿನಿಂದಲೇ ಏನು ಮಾಡಬಹುದು?

ಉತ್ತರ: ಮೂರು ತಿಂಗಳು ಫೋನಿನ ಕ್ಯಾಲೆಂಡರ್‌ನಲ್ಲಿ ಬರೆದಿಡಿ: ನೋವು ಎಷ್ಟು ಹೊತ್ತಿಗೆ ಬಂತು, ಹಿಂದಿನ ರಾತ್ರಿ ಎಷ್ಟಕ್ಕೆ ಮಲಗಿದಳು, ಬೆಳಗ್ಗೆ ತಿಂಡಿ ತಿಂದಳಾ. ನೀವೇ ಬೆಳಗ್ಗೆ ಬರೀ ಕಾಫಿ ಕುಡಿದು ಲಾಗಿನ್ ಆಗುವವರಾದರೆ ಮಗಳೂ ಅರ್ಧ ದೋಸೆ ಬಿಟ್ಟು ವ್ಯಾನ್ ಹತ್ತಿರಬಹುದು. ಹತ್ತೂವರೆಗೆ ನೋವು ಶುರುವಾದ ದಿನಗಳೆಲ್ಲ ತಿಂಡಿ ಬಿಟ್ಟ ದಿನಗಳೇ ಆಗಿದ್ದರೆ ಅರ್ಧ ಔಷಧಿ ಅಲ್ಲೇ ಸಿಕ್ಕಿತು. ಶನಿವಾರ ರಾತ್ರಿ ಹನ್ನೆರಡಕ್ಕೆ ಮಲಗಿ ಭಾನುವಾರ ಹತ್ತಕ್ಕೆ ಏಳುವುದನ್ನೂ ಈ ಮಿದುಳು ಸಹಿಸಲ್ಲ.

ನೋವು ಬಂದಾಗ ಕತ್ತಲೆ ಕೋಣೆ, ಗುಟುಕು ಗುಟುಕು ನೀರು, ನಿದ್ದೆ. ನೋವಿನ ಔಷಧಿಯ ಡೋಸ್ ತೂಕದ ಲೆಕ್ಕದಲ್ಲಿರುತ್ತೆ. ಅದನ್ನು ವೈದ್ಯರಿಂದ ಮೊದಲೇ ಬರೆಸಿಟ್ಟುಕೊಂಡು ನೋವು ಶುರುವಾಗುತ್ತಿದ್ದಂತೆ ಕೊಡಿ. ವಾಂತಿ ಶುರುವಾದ ಮೇಲೆ ಹೊಟ್ಟೆಯಲ್ಲಿ ನಿಲ್ಲಲ್ಲ. ಮಕ್ಕಳಿಗೆ ಆಸ್ಪಿರಿನ್ ಬೇಡ. ಜ್ವರವೂ ಇದ್ದರೆ, ಡೆಂಗಿ ಅಲ್ಲ ಅಂತ ಖಚಿತವಾಗುವವರೆಗೆ ಐಬುಪ್ರೊಫೆನ್ ಕೂಡ ಬೇಡ. ವಾರಕ್ಕೆ ಎರಡು ದಿನಕ್ಕಿಂತ ಹೆಚ್ಚು ನೋವಿನ ಔಷಧಿ ಬೇಕಾಗುತ್ತಿದ್ದರೆ ನಿಲ್ಲಿಸಿ, ಡಾಕ್ಟರ ಹತ್ತಿರ ಹೋಗಿ. ಅತಿಯಾದ ಮಾತ್ರೆಯೇ ತಲೆನೋವು ತರುತ್ತೆ. ಈ ಮಾತು ನಿಮ್ಮ ಹ್ಯಾಂಡ್‌ಬ್ಯಾಗಿನ ಮಾತ್ರೆಗಳಿಗೂ ಅನ್ವಯ.

ಕ್ಲಾಸ್ ಟೀಚರ್‌ಗೂ ಒಂದು ಚೀಟಿ ಕಳಿಸಿ: ‘ಮುಖ ಬಿಳಿಚಿದರೆ ಅರ್ಧ ಗಂಟೆ ಮಲಗಲು ಬಿಡಿ, ನಮಗೆ ಫೋನ್ ಮಾಡಿ.’