ಗುಪ್ತಪದ ನಿರ್ವಾಹಕದಲ್ಲಿ ಸಂಗಾತಿಗೆ ಪ್ರವೇಶ ನೀಡುವಿಕೆ

ಗುಪ್ತಪದ ನಿರ್ವಾಹಕ ಅಥವಾ ಪಾಸ್‌ವರ್ಡ್ ಮ್ಯಾನೇಜರ್ ಎಂಬುದು ಜಾಲತಾಣಗಳ ಬಳಕೆದಾರ ಹೆಸರು ಮತ್ತು ಗುಪ್ತಪದಗಳನ್ನು ಗೂಢಲಿಪಿಗೆ ಪರಿವರ್ತಿಸಿ ಒಂದೆಡೆ ಸಂಗ್ರಹಿಸಿಡುವ ತಂತ್ರಾಂಶವಾಗಿದೆ. ಈ ಸಂಗ್ರಹವನ್ನು ತಿಜೋರಿ ಎಂದು ಕರೆಯುವುದು ರೂಢಿ. ತಿಜೋರಿಯನ್ನು ತೆರೆಯಲು ಬಳಕೆದಾರನು ನೆನಪಿನಲ್ಲಿಟ್ಟುಕೊಳ್ಳಬೇಕಾದ ಒಂದೇ ಪದವನ್ನು ಮುಖ್ಯ ಗುಪ್ತಪದ ಎನ್ನಲಾಗುತ್ತದೆ. ಮನೆಯ ವ್ಯವಹಾರಗಳನ್ನು ದಂಪತಿಗಳಲ್ಲಿ ಒಬ್ಬರೇ ನೋಡಿಕೊಳ್ಳುತ್ತಿರುವಾಗ, ಇನ್ನೊಬ್ಬರಿಗೆ ಮುಖ್ಯ ಗುಪ್ತಪದವನ್ನು ತಿಳಿಸದೆಯೇ ಅಗತ್ಯವಾದ ಖಾತೆಗಳನ್ನು ತೆರೆದುಕೊಡಲು ಇಂತಹ ತಂತ್ರಾಂಶಗಳಲ್ಲಿ ಪ್ರತ್ಯೇಕ ವ್ಯವಸ್ಥೆಗಳಿವೆ. ಈ ಲೇಖನವು 2016ರಲ್ಲಿ ಬಿಡುಗಡೆಯಾದ ಮುಕ್ತ ಆಕರ ತಂತ್ರಾಂಶವಾದ ಬಿಟ್‌ವಾರ್ಡನ್ ಅನ್ನು ಉದಾಹರಣೆಯಾಗಿ ಇಟ್ಟುಕೊಂಡು ಆ ವ್ಯವಸ್ಥೆಗಳನ್ನು ವಿವರಿಸುತ್ತದೆ.

## ಕಾರ್ಯವಿಧಾನ

ಬಳಕೆದಾರನು ಟೈಪಿಸಿದ ಮುಖ್ಯ ಗುಪ್ತಪದವು ಇದ್ದಂತೆಯೇ ಕಂಪನಿಯ ಸರ್ವರ್‌ಗೆ ಹೋಗುವುದಿಲ್ಲ. ಅವನ ಮೊಬೈಲ್ ಅಥವಾ ಕಂಪ್ಯೂಟರ್‌ನಲ್ಲಿಯೇ ಅದನ್ನು ಮಿಂಚಂಚೆ ವಿಳಾಸದೊಡನೆ ಬೆರೆಸಿ, ಒಂದೇ ಗಣಿತ ಕ್ರಿಯೆಯನ್ನು ಲಕ್ಷಾಂತರ ಬಾರಿ ಪುನರಾವರ್ತಿಸಿ ಒಂದು ಕೀಲಿಯನ್ನು ಪಡೆಯಲಾಗುತ್ತದೆ. ಬಿಟ್‌ವಾರ್ಡನ್‌ನ ಪೂರ್ವನಿಗದಿತ ಕ್ರಮದಲ್ಲಿ ಈ ಪುನರಾವರ್ತನೆಯ ಸಂಖ್ಯೆ 6,00,000. ಸರಿಯಾದ ಪದವನ್ನು ಬಲ್ಲವನಿಗೆ ಇದರಿಂದ ಕ್ಷಣಕಾಲದ ವಿಳಂಬವಷ್ಟೇ ಆಗುತ್ತದೆ. ಊಹೆಯಿಂದ ಒಂದೊಂದೇ ಪದವನ್ನು ಪ್ರಯತ್ನಿಸುವ ಕಳ್ಳನಿಗಾದರೋ ಪ್ರತಿಯೊಂದು ಪ್ರಯತ್ನವೂ ದುಬಾರಿಯಾಗುತ್ತದೆ.

ಸರ್ವರ್‌ನಲ್ಲಿ ಉಳಿಯುವುದು ಗೂಢಲಿಪಿಯಲ್ಲಿರುವ ಮಾಹಿತಿ ಮಾತ್ರ. ಆದ್ದರಿಂದ ಕಂಪನಿಯ ಸಿಬ್ಬಂದಿಯೂ ತಿಜೋರಿಯನ್ನು ಓದಲಾರರು. ಇದರ ಮತ್ತೊಂದು ಮುಖವನ್ನೂ ಗಮನಿಸಬೇಕು: ಮುಖ್ಯ ಗುಪ್ತಪದ ಮರೆತುಹೋದರೆ, ಅಥವಾ ಅದನ್ನು ಬಲ್ಲ ವ್ಯಕ್ತಿ ಪ್ರಜ್ಞೆ ಕಳೆದುಕೊಂಡರೆ ಇಲ್ಲವೇ ಮರಣಿಸಿದರೆ, ಸಹಾಯವಾಣಿಗೆ ಕರೆ ಮಾಡಿ ತಿಜೋರಿಯನ್ನು ತೆರೆಸಲು ಸಾಧ್ಯವಿಲ್ಲ. ಸಂಗಾತಿಗೆ ಪ್ರವೇಶ ನೀಡುವ ಏರ್ಪಾಡನ್ನು ಮುಂಚಿತವಾಗಿಯೇ ಮಾಡಿಡಬೇಕಾದ ಕಾರಣ ಇದೇ.

## ಮುಖ್ಯ ಗುಪ್ತಪದವನ್ನೇ ಹಂಚಿಕೊಳ್ಳುವುದರ ತೊಡಕುಗಳು

ಅನೇಕ ಮನೆಗಳಲ್ಲಿ ಮುಖ್ಯ ಗುಪ್ತಪದವನ್ನೇ ಸಂಗಾತಿಗೆ ಹೇಳಿಬಿಡುವುದುಂಟು. ಹಾಗೆ ಮಾಡಿದಾಗ ವಿದ್ಯುತ್ ಬಿಲ್ಲಿನ ಖಾತೆಯೊಂದನ್ನು ಕೊಡಬೇಕಾಗಿದ್ದ ಕಡೆ ಕಚೇರಿಯ ಮಿಂಚಂಚೆ, ವೈದ್ಯಕೀಯ ದಾಖಲೆ, ಸ್ವಂತ ಟಿಪ್ಪಣಿಗಳು ಸೇರಿ ಎಲ್ಲವನ್ನೂ ಕೊಟ್ಟಂತಾಗುತ್ತದೆ. ಒಬ್ಬರ ಮೊಬೈಲ್‌ಗೆ ಕುತಂತ್ರಾಂಶ ತಗುಲಿದರೆ ಇಬ್ಬರ ಮಾಹಿತಿಯೂ ಸೋರುತ್ತದೆ. ಒಬ್ಬರು ಗುಪ್ತಪದವನ್ನು ಬದಲಿಸಿದ ದಿನ ಇನ್ನೊಬ್ಬರು ಹೊರಗುಳಿಯುತ್ತಾರೆ. ಎರಡನೆಯ ಹಂತದ ದೃಢೀಕರಣ ಚಾಲನೆಯಲ್ಲಿದ್ದರೆ ಅದರ ಸಂಕೇತ ಸಂಖ್ಯೆ ಒಬ್ಬರ ಮೊಬೈಲ್‌ನಲ್ಲಷ್ಟೇ ಇರುವುದರಿಂದ, ಮುಖ್ಯ ಗುಪ್ತಪದ ತಿಳಿದಿದ್ದರೂ ಬೇಕಾದ ಹೊತ್ತಿನಲ್ಲಿ ಅದು ಕೆಲಸಕ್ಕೆ ಬಾರದು.

ಒಂದೊಂದೇ ಗುಪ್ತಪದವನ್ನು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸುವ ಪದ್ಧತಿಯೂ ದೋಷಮುಕ್ತವಲ್ಲ. ಆ ಸಂದೇಶವು ಎರಡೂ ಮೊಬೈಲ್‌ಗಳಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಗುಪ್ತಪದ ಬದಲಾದಾಗ ಹಳೆಯ ಸಂದೇಶವು ತಪ್ಪು ಮಾಹಿತಿಯಾಗುತ್ತದೆ.

## ಜಂಟಿ ತಿಜೋರಿ

ಬಿಟ್‌ವಾರ್ಡನ್‌ನಲ್ಲಿ ಇಬ್ಬರೂ ತಮ್ಮ ತಮ್ಮ ಮಿಂಚಂಚೆ ವಿಳಾಸದಿಂದ ಪ್ರತ್ಯೇಕ ಖಾತೆ ತೆರೆದು, ಪ್ರತ್ಯೇಕ ಮುಖ್ಯ ಗುಪ್ತಪದವನ್ನು ಇಟ್ಟುಕೊಳ್ಳುತ್ತಾರೆ. ಬಳಿಕ ಒಬ್ಬರು 'ಆರ್ಗನೈಸೇಶನ್' ಎಂಬ ಜಂಟಿ ತಿಜೋರಿಯನ್ನು ರಚಿಸುತ್ತಾರೆ. ಉಚಿತ ಯೋಜನೆಯಲ್ಲಿ ಇದಕ್ಕೆ ಇಬ್ಬರು ಸದಸ್ಯರು ಮತ್ತು ಎರಡು ವಿಭಾಗಗಳ ಮಿತಿಯಿದ್ದು, ದಂಪತಿಗಳಿಗೆ ಅದು ಸಾಕಾಗುತ್ತದೆ. ಹಣ ಪಾವತಿಸುವ ಕುಟುಂಬ ಯೋಜನೆಯಲ್ಲಿ ಆರು ಸದಸ್ಯರವರೆಗೆ ಸೇರಬಹುದು.

ಸೇರ್ಪಡೆಯು ಮೂರು ಹಂತಗಳಲ್ಲಿ ನಡೆಯುತ್ತದೆ. ಮೊದಲನೆಯವರು ಆಹ್ವಾನ ಕಳುಹಿಸುತ್ತಾರೆ. ಎರಡನೆಯವರು ಮಿಂಚಂಚೆಯಲ್ಲಿ ಬಂದ ಕೊಂಡಿಯನ್ನು ಐದು ದಿನಗಳೊಳಗೆ ಒತ್ತಿ ಸ್ವೀಕರಿಸುತ್ತಾರೆ. ಕೊನೆಯಲ್ಲಿ ಮೊದಲನೆಯವರು ಮತ್ತೆ ಲಾಗಿನ್ ಆಗಿ ಸದಸ್ಯತ್ವವನ್ನು ದೃಢೀಕರಿಸಬೇಕು. ಈ ಮೂರನೆಯ ಹಂತವನ್ನು ಮರೆಯುವುದು ಸಾಮಾನ್ಯ. ಆಹ್ವಾನವನ್ನು ಒಪ್ಪಿದ ಮೇಲೂ ಸಂಗಾತಿಗೆ ಏನೂ ಕಾಣಿಸುತ್ತಿಲ್ಲವೆಂದರೆ ದೃಢೀಕರಣ ಬಾಕಿ ಉಳಿದಿರುವ ಸಾಧ್ಯತೆಯೇ ಹೆಚ್ಚು. ಜಂಟಿ ತಿಜೋರಿಯ ಕೀಲಿಯನ್ನು ಎರಡನೆಯವರ ಸಾರ್ವಜನಿಕ ಕೀಲಿಯಿಂದ ಗೂಢಲಿಪಿಗೊಳಿಸಿ ಒಪ್ಪಿಸುವುದು ಈ ಹಂತದಲ್ಲಿಯೇ. ಆ ಸಮಯದಲ್ಲಿ ಪರದೆಯ ಮೇಲೆ Fingerprint phrase ಎಂಬ ಹೆಸರಿನಲ್ಲಿ ಐದು ಪದಗಳ ಸಾಲೊಂದು ಕಾಣಿಸುತ್ತದೆ. ಅದು ಸಂಗಾತಿಯ ಖಾತೆಯಲ್ಲಿ ತೋರುವ ಸಾಲಿನೊಂದಿಗೆ ಹೊಂದಿಕೆಯಾದರೆ ಕೀಲಿಯು ಸರಿಯಾದ ವ್ಯಕ್ತಿಗೇ ತಲುಪುತ್ತಿದೆ ಎಂದರ್ಥ.

ಬಳಿಕ ಹಂಚಿಕೊಳ್ಳಬೇಕಾದ ಲಾಗಿನ್‌ಗಳನ್ನು ಮಾತ್ರ ಜಂಟಿ ತಿಜೋರಿಗೆ ವರ್ಗಾಯಿಸಲಾಗುತ್ತದೆ. ವರ್ಗಾಯಿಸಿದ ನಮೂದು ಇಬ್ಬರ ಆಸ್ತಿಯಾಗುತ್ತದೆ. ಒಬ್ಬರು ಗುಪ್ತಪದವನ್ನು ತಿದ್ದಿದರೆ ಇನ್ನೊಬ್ಬರಿಗೂ ಹೊಸದೇ ಕಾಣುತ್ತದೆ. ಸ್ವಂತ ತಿಜೋರಿಯಲ್ಲಿ ಉಳಿದದ್ದು ಸಂಗಾತಿಗೆ ಕಾಣಿಸುವುದಿಲ್ಲ. ಜಂಟಿ ತಿಜೋರಿಯಲ್ಲಿ ಇಬ್ಬರಿಗೂ ಮಾಲೀಕನ ದರ್ಜೆ ನೀಡುವುದು ಸೂಕ್ತ. ಒಬ್ಬರೇ ಮಾಲೀಕರಾಗಿದ್ದು ಅವರು ಇಲ್ಲವಾದರೆ, ಉಳಿದವರು ಅದರ ವ್ಯವಸ್ಥೆಯನ್ನು ಬದಲಿಸಲಾರರು.

## ತುರ್ತು ಪ್ರವೇಶ

ಈಗ ತೋರಿಸಲು ಇಷ್ಟವಿಲ್ಲದ, ಆದರೆ ತನ್ನೊಡನೆ ನಾಶವಾಗಿಹೋಗಬಾರದ ಮಾಹಿತಿಗೆಂದು 'ತುರ್ತು ಪ್ರವೇಶ' ಎಂಬ ಬೇರೊಂದು ವ್ಯವಸ್ಥೆಯಿದೆ. ಇದಕ್ಕೆ ಪ್ರವೇಶ ನೀಡುವವರು ಹಣ ಪಾವತಿಸುವ ಪ್ರೀಮಿಯಂ ಯೋಜನೆಯಲ್ಲಿರಬೇಕು. ಪಡೆಯುವವರಿಗೆ ಉಚಿತ ಖಾತೆಯಿದ್ದರೆ ಸಾಕು. ಇಲ್ಲಿಯೂ ಆಹ್ವಾನ, ಸ್ವೀಕಾರ, ದೃಢೀಕರಣ ಎಂಬ ಅದೇ ಮೂರು ಹಂತಗಳಿವೆ. ಇಬ್ಬರ ಖಾತೆಗಳೂ ಒಂದೇ ಪ್ರದೇಶದ ಸರ್ವರ್‌ನಲ್ಲಿರಬೇಕು. ಒಂದು bitwarden.com ನಲ್ಲಿಯೂ ಇನ್ನೊಂದು bitwarden.eu ನಲ್ಲಿಯೂ ಇದ್ದರೆ ಸಂಪರ್ಕ ಏರ್ಪಡುವುದಿಲ್ಲ.

ದೃಢೀಕರಣದ ವೇಳೆ ತಿಜೋರಿಯ ಕೀಲಿಯ ಒಂದು ಪ್ರತಿಯನ್ನು ಸಂಗಾತಿಯ ಸಾರ್ವಜನಿಕ ಕೀಲಿಯಿಂದ ಮುಚ್ಚಿ ಸರ್ವರ್‌ನಲ್ಲಿ ಇಡಲಾಗುತ್ತದೆ. ಸಂಗಾತಿಯೊಬ್ಬರೇ ಅದನ್ನು ತೆರೆಯಬಲ್ಲರಾದರೂ, ಸರ್ವರ್ ಅದನ್ನು ಕೂಡಲೇ ಕೊಡುವುದಿಲ್ಲ. ಸಂಗಾತಿ ಕೋರಿಕೆ ಸಲ್ಲಿಸಿದಾಗ ಖಾತೆಯ ಒಡೆಯರಿಗೆ ಮಿಂಚಂಚೆ ಹೋಗುತ್ತದೆ. ಮೊದಲೇ ಗೊತ್ತುಪಡಿಸಿದ ಕಾಯುವ ಅವಧಿಯೊಳಗೆ ಅವರು ತಿರಸ್ಕರಿಸದಿದ್ದರೆ ಪ್ರವೇಶ ತಾನಾಗಿಯೇ ದೊರೆಯುತ್ತದೆ. ಈ ಅವಧಿಯನ್ನು 1 ದಿನದಿಂದ 90 ದಿನಗಳವರೆಗೆ ನಿಗದಿಪಡಿಸಬಹುದು.

ಪ್ರವೇಶದಲ್ಲಿ ಎರಡು ಬಗೆಗಳಿವೆ. ಮೊದಲನೆಯದರಲ್ಲಿ ಸಂಗಾತಿಯು ಸ್ವಂತ ತಿಜೋರಿಯ ನಮೂದುಗಳನ್ನು ಓದಬಹುದು, ತಿದ್ದಲಾಗದು. ಎರಡನೆಯದರಲ್ಲಿ ಸಂಗಾತಿಯು ಹೊಸ ಮುಖ್ಯ ಗುಪ್ತಪದವನ್ನು ಇರಿಸಿ ಖಾತೆಯನ್ನೇ ವಶಕ್ಕೆ ಪಡೆಯುತ್ತಾರೆ. ಆಗ ಖಾತೆಯ ಎರಡನೆಯ ಹಂತದ ದೃಢೀಕರಣವೂ ರದ್ದಾಗುತ್ತದೆ. ಚೇತರಿಸಿಕೊಂಡು ಮರಳುವ ಸಾಧ್ಯತೆಯಿರುವ ರೋಗಿಯ ಸಂದರ್ಭದಲ್ಲಿ ಓದುವ ಬಗೆಯೇ ಸಾಕಾಗುತ್ತದೆ.

## ಒಂದು ಉದಾಹರಣೆ

ಮನೆಯ ಲೆಕ್ಕಪತ್ರವನ್ನೆಲ್ಲ ಪತ್ನಿಯೇ ನೋಡಿಕೊಳ್ಳುವ ಒಂದು ಕುಟುಂಬವನ್ನು ಊಹಿಸಬಹುದು. ಅವರ ತಿಜೋರಿಯಲ್ಲಿ ನಲವತ್ತು ಲಾಗಿನ್‌ಗಳಿವೆ. ವಿದ್ಯುತ್, ನೀರು, ಅಡುಗೆ ಅನಿಲ, ಅಂತರಜಾಲ ಸಂಪರ್ಕ ಮತ್ತು ಮಗಳ ಶಾಲಾ ಶುಲ್ಕದ ಖಾತೆಗಳನ್ನು ಅವರು ಜಂಟಿ ತಿಜೋರಿಯ 'ಮನೆ' ವಿಭಾಗಕ್ಕೂ, ಆರೋಗ್ಯ ವಿಮೆಯ ಲಾಗಿನ್ ಮತ್ತು ಪಾಲಿಸಿ ಸಂಖ್ಯೆಯನ್ನು 'ವಿಮೆ' ವಿಭಾಗಕ್ಕೂ ಸೇರಿಸುತ್ತಾರೆ. ಉಳಿದ ಲಾಗಿನ್‌ಗಳು ಸ್ವಂತ ತಿಜೋರಿಯಲ್ಲಿಯೇ ಇದ್ದು, ಪತಿಯನ್ನು 7 ದಿನಗಳ ಅವಧಿಯೊಂದಿಗೆ ತುರ್ತು ಸಂಪರ್ಕವೆಂದು ನೇಮಿಸಲಾಗಿರುತ್ತದೆ.

ಜೂನ್ 3ರಂದು ಪತ್ನಿ ಅಪಘಾತಕ್ಕೀಡಾಗಿ ತೀವ್ರ ನಿಗಾ ಘಟಕ ಸೇರಿದರೆಂದು ಇಟ್ಟುಕೊಳ್ಳೋಣ. ಆಸ್ಪತ್ರೆಯ ಕೌಂಟರಿನಲ್ಲಿ ಪಾಲಿಸಿ ಸಂಖ್ಯೆ ಅಂದೇ ಬೇಕಾಗುತ್ತದೆ. ಅದು ಜಂಟಿ ತಿಜೋರಿಯಲ್ಲಿರುವುದರಿಂದ ಪತಿ ತಮ್ಮ ಮೊಬೈಲ್‌ನಿಂದಲೇ ತೆಗೆದುಕೊಡುತ್ತಾರೆ. ಅದೇ ಸಂಜೆ ಅವರು ತುರ್ತು ಪ್ರವೇಶಕ್ಕೆ ಕೋರಿಕೆ ಸಲ್ಲಿಸಿದರೆ ಜೂನ್ 10ರಂದು ಉಳಿದ ನಮೂದುಗಳು ಓದಲು ಸಿಗುತ್ತವೆ. ನಡುವೆ ಪತ್ನಿ ಎಚ್ಚರಗೊಂಡರೆ ಕೋರಿಕೆಯನ್ನು ಒಪ್ಪಲೂಬಹುದು, ತಿರಸ್ಕರಿಸಲೂಬಹುದು. ಪಾಲಿಸಿಯ ವಿವರ ಸ್ವಂತ ತಿಜೋರಿಯಲ್ಲಿದ್ದಿದ್ದರೆ ಪತಿಯು ಏಳು ದಿನ ಕಾಯಬೇಕಾಗುತ್ತಿತ್ತು. ಮೊದಲ ದಿನವೇ ಬೇಕಾಗುವುದನ್ನು ಜಂಟಿ ತಿಜೋರಿಯಲ್ಲಿಯೂ, ಕಾಯಬಹುದಾದುದನ್ನು ತುರ್ತು ಪ್ರವೇಶದ ಹಿಂದೆಯೂ ಇಡುವುದು ವಿಂಗಡಣೆಯ ತತ್ತ್ವವಾಗಿದೆ.

## ಮಿತಿಗಳು

ಗುಪ್ತಪದ ದೊರೆತ ಮಾತ್ರಕ್ಕೆ ಖಾತೆ ತೆರೆಯುತ್ತದೆಂಬ ಖಾತರಿಯಿಲ್ಲ. ಭಾರತದ ಅನೇಕ ಜಾಲತಾಣಗಳು ನೋಂದಾಯಿತ ಮೊಬೈಲ್‌ಗೆ ಒಟಿಪಿ ಕಳುಹಿಸುತ್ತವೆ. ಆ ಮೊಬೈಲ್ ಬೀಗ ಹಾಕಿದ ಸ್ಥಿತಿಯಲ್ಲಿದ್ದರೆ, ಅಥವಾ ರೀಚಾರ್ಜ್ ಇಲ್ಲದೆ ಸಂಖ್ಯೆಯೇ ರದ್ದಾದರೆ, ತಿಜೋರಿಯ ಮಾಹಿತಿ ಅಲ್ಲಿಗೇ ನಿಲ್ಲುತ್ತದೆ. ಆದ್ದರಿಂದ ಮೊಬೈಲ್ ತೆರೆಯುವ ಸಂಖ್ಯೆಯನ್ನೂ ತುರ್ತು ಪ್ರವೇಶದ ವ್ಯಾಪ್ತಿಯಲ್ಲಿ ಬರೆದಿಡುವುದುಂಟು.

ಬ್ಯಾಂಕ್ ಖಾತೆಗಳ ವಿಷಯ ಬೇರೆ. ಗುಪ್ತಪದವನ್ನು ಯಾರಿಗೂ ತಿಳಿಸಬಾರದೆಂದು ಬ್ಯಾಂಕುಗಳು ಷರತ್ತು ವಿಧಿಸುತ್ತವೆ. ದಂಪತಿಗಳು ಜಂಟಿ ಖಾತೆ ತೆರೆದು, ಇಬ್ಬರೂ ಪ್ರತ್ಯೇಕ ಬಳಕೆದಾರ ಹೆಸರು ಪಡೆಯುವುದು ಸರಿಯಾದ ಮಾರ್ಗ. ಖಾತೆದಾರರ ಮರಣಾನಂತರ ಅವರ ಲಾಗಿನ್ ಬಳಸಿ ಹಣ ತೆಗೆಯದೆ, ನಾಮನಿರ್ದೇಶನ ಅಥವಾ ವಾರಸುದಾರಿಕೆಯ ಕ್ರಮದಲ್ಲಿ ಅರ್ಜಿ ಸಲ್ಲಿಸಬೇಕು. ಆದಾಯ ತೆರಿಗೆಯ ಜಾಲತಾಣದಲ್ಲಿಯೂ ಕಾನೂನುಬದ್ಧ ವಾರಸುದಾರರಿಗೆ ಪ್ರತ್ಯೇಕ ನೋಂದಣಿಯಿದೆ. ಇಲ್ಲಿ ತಿಜೋರಿಯ ಉಪಯೋಗವೆಂದರೆ ಯಾವ ಬ್ಯಾಂಕಿನಲ್ಲಿ ಖಾತೆಯಿದೆ, ಯಾವ ವಿಮೆಯಿದೆ ಎಂಬುದು ಮನೆಯವರಿಗೆ ತಿಳಿಯುವುದು.

ಒಮ್ಮೆ ನೋಡಿದ ಗುಪ್ತಪದವನ್ನು ಹಿಂಪಡೆಯಲಾಗುವುದಿಲ್ಲ ಎಂಬುದು ಮತ್ತೊಂದು ಮಿತಿ. ಗುಪ್ತಪದವನ್ನು ಮರೆಮಾಡಿ ತುಂಬಲು ಮಾತ್ರ ಅನುಮತಿಸುವ ಆಯ್ಕೆಯಿದ್ದರೂ, ಬ್ರೌಸರ್‌ನ ಪೆಟ್ಟಿಗೆಯಲ್ಲಿ ತುಂಬಿದ ಪದವನ್ನು ಬಲ್ಲವರು ಓದಬಹುದು. ಸಂಬಂಧ ಮುರಿದಾಗ ಸದಸ್ಯತ್ವವನ್ನು ತೆಗೆದರಷ್ಟೇ ಸಾಲದು. ಹಂಚಿಕೊಂಡಿದ್ದ ಪ್ರತಿಯೊಂದು ಜಾಲತಾಣದಲ್ಲಿಯೂ ಗುಪ್ತಪದವನ್ನು ಬದಲಿಸಿ, ತುರ್ತು ಸಂಪರ್ಕದಿಂದಲೂ ಹೆಸರನ್ನು ತೆಗೆಯಬೇಕು.

## ಇತರ ತಂತ್ರಾಂಶಗಳು

ಒನ್‌ಪಾಸ್‌ವರ್ಡ್‌ನ ಕುಟುಂಬ ಯೋಜನೆಯಲ್ಲಿ ಹಂಚಿಕೆಯ ತಿಜೋರಿಗಳಿದ್ದು, ಕುಟುಂಬದ ವ್ಯವಸ್ಥಾಪಕರು ಇನ್ನೊಬ್ಬ ಸದಸ್ಯರ ಖಾತೆಯನ್ನು ಮರುಸ್ಥಾಪಿಸಲು ನೆರವಾಗಬಲ್ಲರು. ಆ್ಯಪಲ್ ಸಂಸ್ಥೆಯು 2023ರ ಐಒಎಸ್ 17ರಿಂದ ಗುಪ್ತಪದಗಳನ್ನು ಗುಂಪಿನಲ್ಲಿ ಹಂಚಿಕೊಳ್ಳುವ ಸೌಲಭ್ಯ ನೀಡಿದೆ. ಕೀಪಾಸ್‌ನಲ್ಲಿ ಸರ್ವರ್ ಇಲ್ಲ. ಹಂಚಿಕೊಳ್ಳಬೇಕಾದ ಲಾಗಿನ್‌ಗಳಿಗೆ ಬೇರೆ ಗುಪ್ತಪದವುಳ್ಳ ಎರಡನೆಯ ಕಡತವನ್ನು ರಚಿಸಿ, ಅದನ್ನು ಮಾತ್ರ ಸಂಗಾತಿಗೆ ಕೊಡಲಾಗುತ್ತದೆ. ಅದರಲ್ಲಿ ಕಾಯುವ ಅವಧಿಯಂತಹ ಏರ್ಪಾಡು ಇಲ್ಲದ ಕಾರಣ, ಸ್ವಂತ ಕಡತದ ಮುಖ್ಯ ಗುಪ್ತಪದವನ್ನು ಕಾಗದದಲ್ಲಿ ಬರೆದು ಮುಚ್ಚಿದ ಲಕೋಟೆಯಲ್ಲಿಡುವ ಕ್ರಮವನ್ನು ಕೆಲವರು ಅನುಸರಿಸುತ್ತಾರೆ.